ಬೆರಳಡಿಯ ನೆರಳು: ಒಂದು ವಾರಾಂತ್ಯದ ಗೇಮ್ ಜಾಮ್‌ನ ಪ್ರಕರಣ ಅಧ್ಯಯನ

ಗೇಮ್ ಜಾಮ್ ಅಂದರೆ ಕೊಟ್ಟ ಥೀಮ್ ಮೇಲೆ, ಗೊತ್ತುಮಾಡಿದ ಹೊತ್ತಿನೊಳಗೆ ಗೇಮ್ ಕಟ್ಟುವ ಸ್ಪರ್ಧೆ. ಅಂಥ ಒಂದು ಜಾಮ್‌ನಲ್ಲಿ ನಾನೂ ಸೇರಿ ನಾಲ್ಕು ಜನ 48 ಗಂಟೆಯಲ್ಲಿ ಒಂದು ಪುಟ್ಟ ಫೋನ್ ಗೇಮ್ ಕಟ್ಟಿದ ಕಥೆ ಇದು. ಯಾರ ಗುರುತೂ ಸಿಗಬಾರದೆಂದು ತಂಡದ ಹೆಸರು, ಜಾಮ್‌ನ ಹೆಸರು, ಗೇಮ್‌ನ ಹೆಸರು ಮೂರನ್ನೂ ಬಿಟ್ಟಿದ್ದೇನೆ. ಗೇಮ್ ಮುಗಿಯಿತು, ಸಮಯಕ್ಕೆ ಸಲ್ಲಿಕೆಯೂ ಆಯಿತು. ಆದರೆ ಶನಿವಾರ ರಾತ್ರಿ ನಮ್ಮ ಅರ್ಧ ಕೆಲಸವನ್ನು ನಾವೇ ಕಿತ್ತುಹಾಕಬೇಕಾಯಿತು. ಆ ರಾತ್ರಿ ಏನು ತೀರ್ಮಾನ ತೆಗೆದುಕೊಂಡೆವು, ಯಾಕೆ ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ತಂಡ ಮತ್ತು ಐಡಿಯಾ

ತಂಡದಲ್ಲಿ ಕೋಡ್ ಬರೆಯುವವನು ಒಬ್ಬ, ಚಿತ್ರ ಬಿಡಿಸುವವಳು ಒಬ್ಬಳು, ಸದ್ದು ಮತ್ತು ಸಂಗೀತಕ್ಕೆ ಒಬ್ಬ. ಲೆವೆಲ್‌ಗಳನ್ನು ಜೋಡಿಸುವುದು, ಆಡಿ ನೋಡಿ ಸರಿಪಡಿಸುವುದು ನನ್ನ ಪಾಲು. ಕೋಡ್ ಬರೆಯುವವನಿಗೆ ಗೇಮ್ ಕಟ್ಟುವ ಸಾಫ್ಟ್‌ವೇರ್ ಆದ ಗೋಡೊ ಎಂಜಿನ್ ಚೆನ್ನಾಗಿ ಗೊತ್ತಿತ್ತು, ಅದರಲ್ಲಿ ಎರಡು ಸಣ್ಣ ಗೇಮ್ ಮಾಡಿದ್ದ. ಎರಡೂ ಕಂಪ್ಯೂಟರ್‌ನಲ್ಲಿ ಆಡುವಂಥವು. ಫೋನಿಗೆ ಗೇಮ್ ಹಾಕಿದ ಅನುಭವ ನಾಲ್ವರಲ್ಲಿ ಒಬ್ಬರಿಗೂ ಇರಲಿಲ್ಲ. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ.

ಶುಕ್ರವಾರ ಸಂಜೆ ಆರಕ್ಕೆ ಥೀಮ್ ಬಂತು: ನೆರಳು. ಒಂಬತ್ತರ ಹೊತ್ತಿಗೆ ಐಡಿಯಾ ಗಟ್ಟಿಯಾಯಿತು. ಬೆಳಕು ತಾಗಿದರೆ ಸುಟ್ಟುಹೋಗುವ ಒಂದು ಪುಟ್ಟ ಮರಿ ಇದೆ. ಅದು ತನ್ನಷ್ಟಕ್ಕೆ ನಡೆಯುತ್ತಾ ಬಾಗಿಲಿನ ಕಡೆ ಹೋಗುತ್ತದೆ, ನಿಲ್ಲುವುದಿಲ್ಲ. ಆಡುವವರ ಕೈಯಲ್ಲಿ ಇರುವುದು ಒಂದು ದೀಪ ಮಾತ್ರ. ದೀಪವನ್ನು ಎಳೆದಾಡಿ, ಮಧ್ಯೆ ಇರುವ ಕಲ್ಲುಗಳ ನೆರಳು ಮರಿಯ ದಾರಿಯ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ಹೇಳಲು ಎರಡು ವಾಕ್ಯ ಸಾಕು, ಆಡಲು ಒಂದೇ ಬೆರಳು ಸಾಕು. ಹನ್ನೆರಡು ಲೆವೆಲ್ ಮಾಡೋಣ ಅಂತ ಬರೆದಿಟ್ಟುಕೊಂಡೆವು.

ಮಧ್ಯರಾತ್ರಿಯ ಹೊತ್ತಿಗೆ ಲ್ಯಾಪ್‌ಟಾಪ್‌ನಲ್ಲಿ ಬರೀ ಡಬ್ಬಗಳಿಂದ ಮಾಡಿದ ಆಟ ಓಡುತ್ತಿತ್ತು. ಮೌಸ್‌ನಿಂದ ದೀಪ ಹಿಡಿದು ಎಳೆದರೆ ನೆರಳು ಸುತ್ತುತ್ತಿತ್ತು, ಮರಿ ಅದರೊಳಗೆ ಪುಟಪುಟನೆ ನಡೆಯುತ್ತಿತ್ತು. ಎಲ್ಲರಿಗೂ ಖುಷಿಯಾಯಿತು. ಶನಿವಾರ ಇಡೀ ದಿನ ಅದೇ ಹುರುಪಿನಲ್ಲಿ ಹೋಯಿತು. ಚಿತ್ರದವಳು ದೀಪಕ್ಕೆ ಅಂಚು ಮಸುಕಾದ, ಮೆತ್ತನೆಯ ಬೆಳಕಿನ ವಲಯ ಬಿಡಿಸಿದಳು. ನಾನು ಸಂಜೆಯೊಳಗೆ ಒಂಬತ್ತು ಲೆವೆಲ್ ಜೋಡಿಸಿದೆ. ಎಲ್ಲವನ್ನೂ ಮೌಸ್‌ನಲ್ಲೇ ಆಡಿ ನೋಡಿದ್ದು.

ಫೋನಿಗೆ ಹಾಕಿದಾಗ

ಶನಿವಾರ ಸಂಜೆ ಐದಕ್ಕೆ ಫೋನಿಗೆ ಹಾಕೋಣ ಅಂತ ಕೂತೆವು. ಗೋಡೊ 4ರಿಂದ ಆಂಡ್ರಾಯ್ಡ್‌ಗೆ ಎಕ್ಸ್‌ಪೋರ್ಟ್ ಮಾಡಬೇಕಾದರೆ ಎಂಜಿನ್ ಒಂದೇ ಇದ್ದರೆ ಸಾಲದು. ನಮ್ಮ ಆವೃತ್ತಿಗೆ ಸರಿಹೊಂದುವ ಎಕ್ಸ್‌ಪೋರ್ಟ್ ಟೆಂಪ್ಲೇಟ್, ಆಂಡ್ರಾಯ್ಡ್ ಆ್ಯಪ್ ಕಟ್ಟುವ ಸಲಕರಣೆಗಳಾದ ಆಂಡ್ರಾಯ್ಡ್ ಎಸ್‌ಡಿಕೆ, ಜಾವಾದ ಸಲಕರಣೆಗಳಾದ ಓಪನ್ ಜೆಡಿಕೆ 17, ಆ್ಯಪ್‌ಗೆ ಡಿಜಿಟಲ್ ಸಹಿ ಹಾಕುವ ಕೀ ಇರುವ ಒಂದು ಡಿಬಗ್ ಕೀಸ್ಟೋರ್ ಫೈಲ್, ಇಷ್ಟೂ ಬೇಕು. ಲ್ಯಾಪ್‌ಟಾಪ್‌ನಲ್ಲಿ ಜಾವಾದ ಬೇರೆ ಆವೃತ್ತಿ ಇತ್ತು. ಎಸ್‌ಡಿಕೆ ಡೌನ್‌ಲೋಡ್ ಆಗುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಗೇಮ್ ಫೋನಿನಲ್ಲಿ ತೆರೆದುಕೊಂಡಾಗ ಗಂಟೆ ಏಳೂವರೆ. 48 ಗಂಟೆಯಲ್ಲಿ ಇಪ್ಪತ್ತೈದೂವರೆ ಆಗಲೇ ಕಳೆದಿತ್ತು.

ಮೊದಲು ಆಡಿದವಳು ಚಿತ್ರದವಳು. ಬೆರಳಿನಿಂದ ದೀಪ ಹಿಡಿದಳು, ಎಳೆದಳು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದಳು, ಮತ್ತೆ ಇನ್ನೊಂದು ಪಕ್ಕಕ್ಕೆ. "ದೀಪ ಎಲ್ಲಿದೆ ಅಂತಾನೇ ಕಾಣ್ತಿಲ್ಲ ಕಣೋ, ನನ್ನ ಬೆರಳೇ ಅಡ್ಡ ಬರ್ತಿದೆ" ಅಂದಳು.

ಮೌಸ್‌ನ ಬಾಣ ಒಂದು ಅಕ್ಕಿಕಾಳಿನಷ್ಟು ಜಾಗ ಮುಚ್ಚುತ್ತದೆ. ಬೆರಳು ದೀಪವನ್ನೂ ಮುಚ್ಚುತ್ತದೆ, ದೀಪದ ಕೆಳಗಿನ ಕಲ್ಲನ್ನೂ ಮುಚ್ಚುತ್ತದೆ, ಕೈ ಕೆಳಗಿನಿಂದ ಬರುವುದರಿಂದ ಸ್ಕ್ರೀನ್‌ನ ಕೆಳಭಾಗದ ಒಂದು ಪಟ್ಟಿಯನ್ನೇ ಮರೆಮಾಡುತ್ತದೆ. ನಮ್ಮ ಆಟದಲ್ಲಿ ದೀಪ ಒಂದಿಷ್ಟು ಸರಿದರೆ ನೆರಳಿನ ದಿಕ್ಕೇ ಬದಲಾಗುತ್ತದೆ. ಅತಿ ಸೂಕ್ಷ್ಮವಾಗಿ ನೋಡಬೇಕಾದ ಜಾಗ ಯಾವುದೋ, ಅದರ ಮೇಲೆಯೇ ಬೆರಳು ಕೂತಿತ್ತು.

ಎರಡನೇ ತೊಂದರೆ ಇನ್ನೊಂದು ಫೋನಿನಲ್ಲಿ ಕಂಡಿತು. ಸದ್ದಿನವನ ಫೋನ್ ಸ್ವಲ್ಪ ಹಳೆಯದು. ಹೊಸ ಫೋನಿನಲ್ಲಿ ಸೆಕೆಂಡಿಗೆ 60 ಫ್ರೇಮ್ ಬರುತ್ತಿದ್ದ ಗೇಮ್ ಅದರಲ್ಲಿ 19ರಿಂದ 24ರ ನಡುವೆ ತೆವಳುತ್ತಿತ್ತು. ದೀಪ ಬೆರಳಿನ ಹಿಂದೆ ಹಿಂದೆ ಬರುವುದು ಬರಿಗಣ್ಣಿಗೇ ಗೊತ್ತಾಗುತ್ತಿತ್ತು.

ಮೂರನೆಯದನ್ನು ಎತ್ತಿ ತೋರಿಸಿದ್ದು ತಂಡದ ಹೊರಗಿನವರು. ಚಿತ್ರದವಳ ಅಕ್ಕ ಅಲ್ಲೇ ಇದ್ದರು. ಅವರ ಕೈಗೆ ಫೋನ್ ಕೊಟ್ಟು ಏನೂ ಹೇಳದೆ ಸುಮ್ಮನೆ ನೋಡಿದೆವು. ಎರಡನೇ ಲೆವೆಲ್‌ನಲ್ಲಿ ಮರಿ ಸತ್ತಿತು. ಅವರು ಫೋನ್ ನಮ್ಮ ಕಡೆ ತಿರುಗಿಸಿ, "ನೆರಳಲ್ಲೇ ಇತ್ತಲ್ಲ, ಮತ್ಯಾಕೆ ಸತ್ತುಹೋಯ್ತು?" ಅಂತ ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಮೂರರಲ್ಲಿ ನನ್ನ ಮನಸ್ಸಿಗೆ ತುಂಬ ಚುಚ್ಚಿದ್ದು ಇದೇ. ಆಟ ಕಷ್ಟ ಅನ್ನಿಸಿದರೆ ಜನ ಇನ್ನೊಮ್ಮೆ ಆಡುತ್ತಾರೆ. ಮೋಸ ಅನ್ನಿಸಿದರೆ ಫೋನ್ ವಾಪಸ್ ಕೊಡುತ್ತಾರೆ, ಅವರೂ ಹಾಗೇ ಮಾಡಿದರು.

ಬೆರಳಿಗೆ ಹುಡುಕಿದ ದಾರಿ

ರಾತ್ರಿ ಎಂಟೂವರೆಗೆ ನಾಲ್ವರೂ ಸುತ್ತ ಕೂತೆವು. ಐಡಿಯಾವನ್ನೇ ಬಿಟ್ಟು, ಕಲ್ಲುಗಳನ್ನು ಟ್ಯಾಪ್ ಮಾಡಿ ತಿರುಗಿಸುವ ಬೇರೆ ಆಟ ಮಾಡೋಣ ಅನ್ನುವ ಮಾತೂ ಬಂತು. ಉಳಿದಿದ್ದ ಹೊತ್ತಿನಲ್ಲಿ ಅದು ಸಾಧ್ಯವಿರಲಿಲ್ಲ ಅಂತಲ್ಲ. ಆದರೆ ದೀಪ ಸರಿದಂತೆ ನೆರಳು ಸುತ್ತುವುದೇ ಈ ಆಟದ ಜೀವ, ಅದು ಹೋದರೆ ಉಳಿಯುವುದು ಎಲ್ಲರೂ ನೋಡಿರುವ ಒಂದು ಒಗಟು. ಹಾಗಾಗಿ ದೀಪವನ್ನು ಉಳಿಸಿಕೊಂಡು, ಅದನ್ನು ಹಿಡಿಯುವ ರೀತಿಯನ್ನು ಮಾತ್ರ ಬದಲಿಸೋಣ ಅಂತ ಒಪ್ಪಿದೆವು.

ಮೊದಲು ಮಾಡಿದ್ದು ಎಲ್ಲರಿಗೂ ಹೊಳೆಯುವ ಉಪಾಯ: ದೀಪವನ್ನು ಬೆರಳಿಗಿಂತ 120 ಪಿಕ್ಸೆಲ್ ಮೇಲೆ ತೋರಿಸುವುದು. ಹತ್ತು ನಿಮಿಷದ ಕೆಲಸ, ದೀಪ ಕಣ್ಣಿಗೆ ಬಿತ್ತು. ಆದರೆ ದೀಪ ಸ್ಕ್ರೀನ್‌ನ ಕೆಳಗಿನ ಅಂಚಿಗೆ ಹೋಗಲೇ ಇಲ್ಲ, ಯಾಕೆಂದರೆ ಬೆರಳು ಅದಕ್ಕಿಂತ ಕೆಳಗೆ ಹೋಗಬೇಕಾಗುತ್ತಿತ್ತು, ಅಲ್ಲಿ ಸ್ಕ್ರೀನೇ ಇಲ್ಲ. ಜೊತೆಗೆ ದೀಪದ ಮೇಲೆ ಬೆರಳಿಟ್ಟ ಕೂಡಲೇ ಅದು ಮೇಲಕ್ಕೆ ಹಾರುತ್ತಿತ್ತು. ಆ ಹಾರಾಟದಲ್ಲಿ ನೆರಳು ತಪ್ಪಿ ಮರಿ ಸಾಯುತ್ತಿತ್ತು. ಅರ್ಧ ಗಂಟೆ ಆಡಿ ನೋಡಿ ಅದನ್ನು ಬಿಟ್ಟೆವು.

ಎರಡನೆಯ ಉಪಾಯ ಹೊಳೆದದ್ದು ಕೋಡ್ ಬರೆಯುವವನಿಗೆ, ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾಗ. ಟಚ್‌ಪ್ಯಾಡ್‌ನಲ್ಲಿ ಬೆರಳು ಎಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ, ಎಷ್ಟು ಸರಿಯಿತು ಅನ್ನುವುದಷ್ಟೇ ಲೆಕ್ಕ. ಫೋನಿನಲ್ಲೂ ಹಾಗೇ ಮಾಡಿದರೆ ಬೆರಳನ್ನು ಎಲ್ಲಿ ಬೇಕಾದರೂ ಇಡಬಹುದು, ದೀಪ ತಾನಿದ್ದ ಜಾಗದಿಂದ ಅಷ್ಟೇ ಸರಿಯುತ್ತದೆ. ಗೋಡೊದಲ್ಲಿ ಇದಕ್ಕೆ ಬೇಕಾದ ಅಂಕೆ ಎಳೆಯುವ ಈವೆಂಟ್‌ನಲ್ಲೇ ಸಿಗುತ್ತದೆ:

```gdscript
func _unhandled_input(event):
    if event is InputEventScreenDrag and event.index == 0:
        lamp.position += event.relative * 1.3
        lamp.position = lamp.position.clamp(area_min, area_max)
```

`event.index == 0` ಅಂದರೆ ಮೊದಲು ತಾಗಿದ ಬೆರಳನ್ನು ಮಾತ್ರ ಕೇಳು ಅಂತ. ಇದು ಇಲ್ಲದಿದ್ದಾಗ ಇನ್ನೊಂದು ಕೈಯ ಹೆಬ್ಬೆರಳು ಅಂಚಿಗೆ ತಾಗಿ ಅಲುಗಿದರೂ ದೀಪ ಜಿಗಿಯುತ್ತಿತ್ತು. 1.3 ಅನ್ನುವುದು ಕೈಗೆ ಸಿಕ್ಕಿದ ಅಂಕೆ. 1ಕ್ಕೆ ಇಟ್ಟಾಗ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಲು ಎರಡು ಸಲ ಎಳೆಯಬೇಕಾಗುತ್ತಿತ್ತು, 1.6ಕ್ಕೆ ದೀಪ ಬೇಕಾದ ಜಾಗದಲ್ಲಿ ನಿಲ್ಲುತ್ತಿರಲಿಲ್ಲ.

ಆ ಹೆಚ್ಚುವರಿ 0.3ರಿಂದ ನಾವು ಎಣಿಸದ ಒಂದು ಲಾಭ ಆಯಿತು. ಹೊಸಬರು ಅಭ್ಯಾಸಬಲದಿಂದ ದೀಪದ ಮೇಲೆಯೇ ಬೆರಳಿಡುತ್ತಾರೆ. ಎಳೆದಾಗ ದೀಪ ಬೆರಳಿಗಿಂತ ತುಸು ಮುಂದೆ ಓಡಿ, ಬೆರಳಿನ ಅಡಿಯಿಂದ ಹೊರಗೆ ಜಾರಿಕೊಳ್ಳುತ್ತದೆ. ಒಂದೆರಡು ಸಲ ಹಾಗಾದ ಮೇಲೆ ಬೆರಳು ದೀಪದ ಮೇಲೇ ಇರಬೇಕಾಗಿಲ್ಲ ಅಂತ ಕೈಗೆ ತಾನಾಗಿ ತಿಳಿಯುತ್ತದೆ. ಒಂದು ಅಕ್ಷರದ ಸೂಚನೆಯೂ ಬೇಕಾಗಲಿಲ್ಲ. ಇದನ್ನು ನಾನು ನಾಲ್ಕು ಜನರ ಕೈಯಲ್ಲಿ ನೋಡಿದೆ, ನಾಲ್ವರೂ ಮೊದಲ ಲೆವೆಲ್ ಮುಗಿಯುವಷ್ಟರಲ್ಲಿ ಬೆರಳನ್ನು ಕೆಳಗಿನ ಖಾಲಿ ಜಾಗಕ್ಕೆ ಇಳಿಸಿದ್ದರು.

ಖಾಲಿ ಜಾಗ ಅಂದೆ. ಅದಕ್ಕೆ ನಾನು ಬೆಲೆ ತೆರಬೇಕಾಯಿತು. ಫೋನನ್ನು ನೆಟ್ಟಗೆ ಹಿಡಿದಾಗ ಹೆಬ್ಬೆರಳು ಆರಾಮವಾಗಿ ಇರುವುದು ಕೆಳಗಿನ ಕಾಲು ಭಾಗದಲ್ಲಿ. ಅಲ್ಲಿ ಕಲ್ಲೂ ಇರಬಾರದು, ಮರಿಯ ದಾರಿಯೂ ಇರಬಾರದು ಅಂತಾಯಿತು. ನಾನು ಜೋಡಿಸಿದ್ದ ಒಂಬತ್ತು ಲೆವೆಲ್‌ಗಳಲ್ಲಿ ನಾಲ್ಕರ ಮುಖ್ಯ ತಿರುವೇ ಆ ಭಾಗದಲ್ಲಿತ್ತು. ಮೇಲಕ್ಕೆ ಒತ್ತಿ ಹಿಡಿಸಲು ನೋಡಿದೆ, ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡು ನೆರಳುಗಳೆಲ್ಲ ಕಲಸಿಹೋದವು. ಆ ನಾಲ್ಕನ್ನೂ ತೆಗೆದೆ. ಐದು ಲೆವೆಲ್‌ನ ಆಟ ಅಂತ ಆ ರಾತ್ರಿಯೇ ತೀರ್ಮಾನವಾಯಿತು, ಹನ್ನೆರಡರ ಪಟ್ಟಿಯನ್ನು ಹರಿದುಹಾಕಿದೆವು.

ಕಾಣುವ ನೆರಳು, ಲೆಕ್ಕದ ನೆರಳು

ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹನ್ನೊಂದು ಗಂಟೆಯ ಮೇಲೆ.

ನಮ್ಮ ಗೇಮ್‌ನಲ್ಲಿ ನೆರಳು ಎರಡಿತ್ತು. ಕಣ್ಣಿಗೆ ಕಾಣುವ ನೆರಳನ್ನು ಎಂಜಿನ್‌ನ `PointLight2D` ಬಿಡಿಸುತ್ತಿತ್ತು. ಪ್ರತಿ ಕಲ್ಲಿಗೂ ಒಂದು `LightOccluder2D` ಆಕಾರ ಇತ್ತು, ಬೆಳಕು ಅದನ್ನು ದಾಟುತ್ತಿರಲಿಲ್ಲ. ಆದರೆ ಆ ಬೆಳಕು ಇರುವುದು ಚಿತ್ರಕ್ಕಾಗಿ ಮಾತ್ರ. ಮರಿ ನೆರಳಿನಲ್ಲಿದೆಯೇ ಅಂತ ಅದನ್ನು ಕೇಳಲು ಬರುವುದಿಲ್ಲ. ಹಾಗಾಗಿ ಸಾವಿನ ಲೆಕ್ಕಕ್ಕೆ ಬೇರೆಯೇ ದಾರಿ ಮಾಡಿದ್ದೆವು: ದೀಪದಿಂದ ಮರಿಯ ನಡುಬಿಂದುವಿಗೆ ಒಂದು ಗೆರೆ ಎಳೆದು, ಅದು ಯಾವುದಾದರೂ ಕಲ್ಲಿನ ಡಿಕ್ಕಿಯ ಆಕಾರಕ್ಕೆ, ಅಂದರೆ ಏನಾದರೂ ತಾಗಿತೇ ಅಂತ ಎಂಜಿನ್ ನೋಡುವ, ಕಣ್ಣಿಗೆ ಕಾಣದ ಆಕಾರಕ್ಕೆ ತಾಗಿದರೆ ನೆರಳು, ಇಲ್ಲವಾದರೆ ಬೆಳಕು. ಆ ಡಿಕ್ಕಿಯ ಆಕಾರವನ್ನು ಕೈಯಲ್ಲಿ ಬೇರೆಯಾಗಿ ಇಟ್ಟಿದ್ದೆವು. ಕೆಲವು ಕಲ್ಲುಗಳಲ್ಲಿ ಅದು ಚಿತ್ರಕ್ಕಿಂತ ಆರೇಳು ಪಿಕ್ಸೆಲ್ ಚಿಕ್ಕದಿತ್ತು. ಎರಡನೇ ಲೆವೆಲ್‌ನಲ್ಲಿ ನಾನು ಕಲ್ಲಿನ ಚಿತ್ರವನ್ನು ಹಿಗ್ಗಿಸಿದ್ದೆ, ಡಿಕ್ಕಿಯ ಆಕಾರವನ್ನು ಹಿಗ್ಗಿಸಿರಲಿಲ್ಲ. ಕಲ್ಲಿನ ಹತ್ತಿರ ಆರು ಪಿಕ್ಸೆಲ್ ವ್ಯತ್ಯಾಸ ಇದ್ದರೆ ನೆರಳು ದೂರ ಹೋದಂತೆ ಅದು ಹಿಗ್ಗುತ್ತದೆ, ಮರಿ ನಡೆಯುವ ಜಾಗಕ್ಕೆ ಬರುವಷ್ಟರಲ್ಲಿ ಮರಿಯ ಅರ್ಧ ಮೈಯಷ್ಟಾಗಿರುತ್ತದೆ. ಇದರ ಮೇಲೆ ಮಸುಕು ಅಂಚಿನ ಮೆತ್ತನೆಯ ನೆರಳು ಬೇರೆ. ಎಲ್ಲಿ ನೆರಳು ಮುಗಿಯಿತು ಅಂತ ಯಾರ ಕಣ್ಣಿಗೂ ಖಚಿತವಾಗಿ ಕಾಣುತ್ತಿರಲಿಲ್ಲ.

ಆಕಾರಗಳನ್ನು ಒಂದೊಂದಾಗಿ ಸರಿಪಡಿಸುವುದು ಒಂದು ದಾರಿ. ಆದರೆ ಎರಡು ಕಡೆ ಕೈಯಲ್ಲಿ ಹೊಂದಿಸಬೇಕಾದದ್ದು ನಾಳೆ ನಾನು ಕಲ್ಲನ್ನು ಸರಿಸಿದ ಕೂಡಲೇ ಮತ್ತೆ ತಪ್ಪುತ್ತದೆ. ಆಗ ಕೋಡ್ ಬರೆಯುವವನು ಒಂದು ಮಾತು ಹೇಳಿದ: "ನೆರಳನ್ನ ನಾವೇ ಲೆಕ್ಕ ಹಾಕೋಣ. ಅದನ್ನೇ ಬಿಡಿಸೋಣ, ಅದನ್ನೇ ಕೇಳೋಣ." ನನ್ನ ಪ್ರಕಾರ ಇಡೀ ಜಾಮ್‌ನ ತಿರುವು ಇದು.

ಲೆಕ್ಕ ಅಷ್ಟು ದೊಡ್ಡದಲ್ಲ. ಕಲ್ಲು ಒಂದು ಆಯತ, ನಾಲ್ಕು ಮೂಲೆ. ದೀಪದಿಂದ ಪ್ರತಿ ಮೂಲೆಯ ಮೂಲಕ ಒಂದು ಗೆರೆಯನ್ನು ಸ್ಕ್ರೀನ್‌ನ ಆಚೆಯವರೆಗೆ ಎಳೆಯಿರಿ. ನಾಲ್ಕು ಮೂಲೆಗಳು, ಆ ನಾಲ್ಕು ಗೆರೆಗಳ ತುದಿಗಳು, ಒಟ್ಟು ಎಂಟು ಚುಕ್ಕೆ. ಈ ಎಂಟಕ್ಕೂ ಸುತ್ತ ಒಂದು ರಬ್ಬರ್ ಬ್ಯಾಂಡ್ ಹಾಕಿ ಬಿಟ್ಟರೆ ಅದು ಹಿಡಿಯುವ ಆಕಾರವೇ ಆ ಕಲ್ಲು ಮತ್ತು ಅದರ ನೆರಳು. ಗೋಡೊದಲ್ಲಿ ಆ ರಬ್ಬರ್ ಬ್ಯಾಂಡ್ ಕೆಲಸಕ್ಕೆ ಒಂದು ಸಿದ್ಧ ಫಂಕ್ಷನ್ ಇದೆ:

```gdscript
func shadow_of(corners: PackedVector2Array, lamp_pos: Vector2):
    var pts = corners.duplicate()
    for c in corners:
        pts.append(c + (c - lamp_pos).normalized() * 2000.0)
    return Geometry2D.convex_hull(pts)
```

ನಮ್ಮ ಸ್ಕ್ರೀನ್ 720 x 1280 ಅಂತ ಇಟ್ಟಿದ್ದರಿಂದ 2000 ಸಾಕಾಯಿತು. ಬಂದ ಆಕಾರವನ್ನು `Polygon2D`ಗೆ ಕೊಟ್ಟರೆ ನೆರಳು ಕಾಣುತ್ತದೆ. ಅದೇ ಆಕಾರವನ್ನು `Geometry2D.is_point_in_polygon()`ಗೆ ಮರಿಯ ಜಾಗದ ಜೊತೆ ಕೊಟ್ಟರೆ ಮರಿ ಒಳಗಿದೆಯೋ ಇಲ್ಲವೋ ಹೇಳುತ್ತದೆ. ಕಣ್ಣಿಗೆ ಕಂಡದ್ದೂ ಆಟದ ನಿಯಮವೂ ಒಂದೇ ಆಕಾರದಿಂದ ಬಂದ ಮೇಲೆ ಅವೆರಡೂ ಬೇರೆಯಾಗುವ ಪ್ರಶ್ನೆಯೇ ಇಲ್ಲ. ಒಂದು ಮಿತಿ ಇದೆ: ಇದು ಒಳಕ್ಕೆ ತಗ್ಗಿಲ್ಲದ ಆಕಾರಗಳಿಗೆ ಮಾತ್ರ ಸರಿ. ಎಲ್ ಆಕಾರದ ಕಲ್ಲು ಬೇಕಾದರೆ ಎರಡು ಆಯತ ಜೋಡಿಸಬೇಕು.

ರಾತ್ರಿ ಎರಡಕ್ಕೆ ಇದು ಓಡಿತು. ಹಳೆಯ ಫೋನಿನಲ್ಲಿ 55ರಿಂದ 60 ಫ್ರೇಮ್ ಬಂತು. ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಎಂಜಿನ್‌ನ ಬೆಳಕು, ಅದರ ನೆರಳು, ದೊಡ್ಡ ಬೆಳಕಿನ ಚಿತ್ರ ಮೂರನ್ನೂ ಒಟ್ಟಿಗೆ ತೆಗೆದಿದ್ದರಿಂದ ಯಾವುದರಿಂದ ಎಷ್ಟು ಹಗುರಾಯಿತು ಅಂತ ನಾವು ಬಿಡಿಸಿ ಹೇಳಲಾರೆವು. ಗೋಡೊ 4ರಲ್ಲಿ ಹಳೆಯ ಸಾಧನಗಳಿಗೆಂದೇ `Compatibility` ಎಂಬ ರೆಂಡರರ್, ಅಂದರೆ ಸ್ಕ್ರೀನ್ ಮೇಲೆ ಚಿತ್ರ ಬಿಡಿಸುವ ಎಂಜಿನ್‌ನ ಭಾಗ ಇದೆ. ಅದಕ್ಕೆ ಬದಲಿಸಿ ನೋಡುವುದು ಕೆಲವೇ ನಿಮಿಷದ ಪ್ರಯೋಗ, ಆ ಗಡಿಬಿಡಿಯಲ್ಲಿ ಅದನ್ನೂ ಮಾಡಲಿಲ್ಲ.

ಚಿತ್ರದವಳ ಶನಿವಾರ

ಈ ತೀರ್ಮಾನದ ಭಾರ ಬಿದ್ದದ್ದು ಕೋಡ್ ಬರೆದವನ ಮೇಲಲ್ಲ. ಚಿತ್ರದವಳು ಶನಿವಾರ ಬೆಳಗ್ಗೆಯಿಂದ ಕೂತು ಬಿಡಿಸಿದ ಮೆತ್ತನೆಯ ಬೆಳಕು, ಕಲ್ಲುಗಳ ಮೇಲಿನ ನವಿರಾದ ಹೊಳಪು ಎಲ್ಲ ಹೋಯಿತು. ಹೊಸ ನೆರಳಿನ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಅದರ ಪಕ್ಕದಲ್ಲಿ ಹಳೆಯ ಚಿತ್ರಗಳು ಬೇರೆ ಯಾವುದೋ ಗೇಮ್‌ನಿಂದ ತಂದಂತೆ ಕಾಣುತ್ತಿದ್ದವು. ಅವಳು ನೋಡಿದಳು, ಏನೂ ಹೇಳದೆ ಮಲಗಲು ಹೋದಳು.

ನಾವು ಅವಳನ್ನು ಕೇಳದೆ ಆ ಬದಲಾವಣೆ ಮಾಡಿದ್ದೆವು. ಹಾಗೆ ಮಾಡಬಾರದಿತ್ತು, ತೀರ್ಮಾನ ಸರಿಯಿದ್ದರೂ. ಬೆಳಗ್ಗೆ ಏಳಕ್ಕೆ ಅವಳೇ ಎದ್ದು ಬಂದು ಕಲ್ಲುಗಳನ್ನು ಒಂದೇ ಬಣ್ಣದ ಕಾಗದದ ತುಂಡುಗಳಂತೆ ಮತ್ತೆ ಬಿಡಿಸತೊಡಗಿದಳು. ಅಂಚು ಚೂಪು, ಬಣ್ಣ ನಾಲ್ಕೇ. ಮರಿಗೆ ಬಿಳಿ ಕಣ್ಣು ಮಾತ್ರ. ಮೂರು ಗಂಟೆಯಲ್ಲಿ ಮುಗಿಯಿತು. ಚೂಪು ನೆರಳು ಈಗ ಬೇಕೆಂದೇ ಮಾಡಿದ್ದು ಅನ್ನುವಂತೆ ಕಾಣುತ್ತಿತ್ತು. ನಮ್ಮ ಗೇಮ್‌ಗೆ ಮುಖ ಬಂದದ್ದೇ ಆಗ.

ಭಾನುವಾರ

ಹತ್ತು ಗಂಟೆಗೆ ಅಕ್ಕನಿಗೆ ಮತ್ತೆ ಫೋನ್ ಕೊಟ್ಟೆವು. ಮೂರನೇ ಲೆವೆಲ್‌ನಲ್ಲಿ ಅವರು ದೀಪವನ್ನು ಸೀದಾ ಒಂದು ಕಲ್ಲಿನ ಒಳಗೆ ನೂಕಿದರು. ಇಡೀ ಸ್ಕ್ರೀನ್ ಕತ್ತಲಾಯಿತು, ಮರಿ ಹಾಯಾಗಿ ಬಾಗಿಲು ಸೇರಿತು. "ಇದು ಸುಲಭ ಇದೆ" ಅಂದರು. ದೀಪ ಕಲ್ಲಿನ ಒಳಗಿದ್ದರೆ ನಾಲ್ಕು ಗೆರೆಗಳೂ ನಾಲ್ಕು ದಿಕ್ಕಿಗೆ ಹೋಗುತ್ತವೆ, ರಬ್ಬರ್ ಬ್ಯಾಂಡ್ ಎಲ್ಲವನ್ನೂ ಸುತ್ತಿಕೊಳ್ಳುತ್ತದೆ. ಕಲ್ಲಿನ ಸುತ್ತ 12 ಪಿಕ್ಸೆಲ್ ಅಂಚು ಬಿಟ್ಟು ದೀಪ ಅದರೊಳಗೆ ಹೋಗದಂತೆ ತಡೆದೆವು.

ಅದೇ ಹೊತ್ತಿಗೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಮರಿ ಸುಡಲು ಶುರುವಾದಾಗ ಎಚ್ಚರಿಸಲೆಂದು ಸದ್ದಿನವನು ಒಂದು ಚುರುಗುಟ್ಟುವ ಸದ್ದು ಮಾಡಿದ್ದ. ಅಕ್ಕನ ಫೋನಿನ ಸದ್ದು ಪೂರಾ ತಗ್ಗಿತ್ತು, ನಾಲ್ವರ ಪೈಕಿ ಮೂವರದ್ದೂ ಹಾಗೇ ಇತ್ತು. ಹಾಗಾಗಿ ಎಚ್ಚರಿಕೆ ಕಣ್ಣಿಗೂ ಬೇಕಾಯಿತು: ಬೆಳಕು ತಾಗಿದ ಕೂಡಲೇ ಮರಿ ಕೆಂಪಾಗುತ್ತದೆ, 0.4 ಸೆಕೆಂಡ್ ಹಾಗೇ ಇದ್ದರೆ ಮಾತ್ರ ಸಾಯುತ್ತದೆ. ಜೊತೆಗೆ `Input.vibrate_handheld(50)` ಹಾಕಿದೆವು. ಎಕ್ಸ್‌ಪೋರ್ಟ್‌ನಲ್ಲಿ `VIBRATE` ಅನುಮತಿಗೆ ಟಿಕ್ ಹಾಕದಿದ್ದರೆ ಅದು ನಡೆಯುವುದಿಲ್ಲ ಅನ್ನುವುದು ಇಪ್ಪತ್ತು ನಿಮಿಷ ತಡಕಾಡಿದ ಮೇಲೆ ತಿಳಿಯಿತು.

ಎರಡು ಗಂಟೆಯ ನಂತರ ಹೊಸದೇನೂ ಸೇರಿಸಬಾರದು ಅಂತ ಗೆರೆ ಎಳೆದೆವು. ಎರಡೂ ಮುಕ್ಕಾಲಿಗೆ ಕೋಡ್ ಬರೆಯುವವನಿಗೆ ಚಲಿಸುವ ಕಲ್ಲಿನ ಐಡಿಯಾ ಬಂತು, ಚೆನ್ನಾಗಿಯೂ ಇತ್ತು, ಬೇಡ ಅಂದೆವು. ಐದು ಮೂವತ್ತೈದಕ್ಕೆ ಆಂಡ್ರಾಯ್ಡ್ ಫೋನಿಗೆ ಗೇಮ್ ಹಾಕುವ ಎಪಿಕೆ ಫೈಲ್ ಅಪ್‌ಲೋಡ್ ಆಯಿತು.

ಆಮೇಲೆ

ಬಹುಮಾನ ಬರಲಿಲ್ಲ. ಆಡಿದವರು ಬರೆದ ಅನಿಸಿಕೆಗಳಲ್ಲಿ ನಾಲ್ಕನೇ ಲೆವೆಲ್ ಏಕಾಏಕಿ ಕಷ್ಟವಾಗುತ್ತದೆ ಅನ್ನುವ ಮಾತು ಹೆಚ್ಚು ಸಲ ಬಂತು, ಅದು ನಿಜ. ಮಧ್ಯದಲ್ಲಿದ್ದ ನಾಲ್ಕು ಲೆವೆಲ್ ತೆಗೆದ ಮೇಲೆ ಮೆಟ್ಟಿಲು ಮುರಿದುಹೋಗಿತ್ತು, ಮೂರಕ್ಕೂ ನಾಲ್ಕಕ್ಕೂ ನಡುವೆ ಒಂದು ಸುಲಭದ ಲೆವೆಲ್ ಕಟ್ಟಲು ನನಗೆ ಹೊತ್ತು ಸಿಗಲಿಲ್ಲ. ಮರಿ ಅನ್ಯಾಯವಾಗಿ ಸತ್ತಿತು ಅಂತ ಒಬ್ಬರೂ ಬರೆಯಲಿಲ್ಲ.

ಲೆಕ್ಕ ಹಾಕಿ ನೋಡಿದರೆ, ನಮ್ಮ ಮೂರೂ ತೊಂದರೆಗಳು ಫೋನ್ ಕೈಗೆ ಬಂದ ಮೊದಲ ಇಪ್ಪತ್ತು ನಿಮಿಷದಲ್ಲೇ ಕಂಡಿದ್ದವು. ಆ ಇಪ್ಪತ್ತು ನಿಮಿಷ ಶುಕ್ರವಾರ ರಾತ್ರಿ ಬಂದಿದ್ದರೆ ಬೆರಳಿನ ಜಾಗ ಬಿಟ್ಟೇ ಲೆವೆಲ್ ಕಟ್ಟುತ್ತಿದ್ದೆ, ಚಿತ್ರದವಳ ಒಂದು ದಿನ ಉಳಿಯುತ್ತಿತ್ತು. ಡಬ್ಬಗಳ ಆಟ ಶುಕ್ರವಾರ ಮಧ್ಯರಾತ್ರಿಯೇ ಸಿದ್ಧವಿತ್ತು, ಫೋನಿಗೆ ಹಾಕಲು ಅಷ್ಟು ಸಾಕಿತ್ತು. ಎಸ್‌ಡಿಕೆ, ಜೆಡಿಕೆ, ಕೀಸ್ಟೋರ್ ಕೆಲಸ ಜಾಮ್‌ಗೆ ಮೊದಲೇ ಮುಗಿಸಿಟ್ಟುಕೊಳ್ಳುವಂಥದ್ದು, ಥೀಮ್‌ಗೂ ಅದಕ್ಕೂ ಸಂಬಂಧವಿಲ್ಲ.

ನಾವು ನಾಲ್ವರೇ ಮುಂದಿನ ಜಾಮ್‌ಗೂ ಕೂತೆವು. ಥೀಮ್ ಬಂದು ನಲವತ್ತು ನಿಮಿಷಕ್ಕೆ ನಾಲ್ಕು ಫೋನ್‌ಗಳಲ್ಲೂ ಬಿಳಿ ಸ್ಕ್ರೀನ್ ಮೇಲೆ ಒಂದು ಕಪ್ಪು ವೃತ್ತ ಬೆರಳಿನ ಹಿಂದೆ ಓಡಾಡುತ್ತಿತ್ತು. ಅದನ್ನು ಆಡಿಸುತ್ತಲೇ ಐಡಿಯಾದ ಮಾತು ಶುರುಮಾಡಿದೆವು.